ಬಾಲ್ಕನಿಗೆ ಕೊಲ್ಯಾಪ್ಸಿಬಲ್ ಗೇಟ್ ಹಾಕಿಸುವವರು ಮೊದಲು ಕೆಳಗಿನ ಚಾನೆಲ್ ನೋಡಿ

ಧಾರವಾಡದ ಒಂದು ಮನೆಯ ಮೊದಲ ಮಹಡಿ. ಬಾಲ್ಕನಿ ಬಾಗಿಲಿಗೆ 6 ಅಡಿ ಅಗಲ, 7 ಅಡಿ ಎತ್ತರದ ಗೇಟ್ ಕೂರಿಸಿದ್ದು ಬೇಸಿಗೆಯಲ್ಲಿ. ಮಳೆಗಾಲ ಮುಗಿಯುವಷ್ಟರಲ್ಲಿ ಕೀಲಿಯೇ ಬೀಳದಂತಾಯಿತು. ಮನೆಯವರು ಕೀಲಿ ಕೆಟ್ಟಿದೆ ಅಂತ ಎರಡು ಸಲ ಹೊಸದು ತಂದರು. ಕೆಟ್ಟಿದ್ದು ಕೀಲಿ ಅಲ್ಲ, ಅದಕ್ಕಿಂತ ಮೂರೂವರೆ ಅಡಿ ಕೆಳಗೆ ಇತ್ತು.

ವೆಲ್ಡಿಂಗ್ ಅಂಗಡಿಯವರು ಕೆಳಗೆ ಯು ಆಕಾರದ ಚಾನೆಲ್ ಹಾಕಿ ಟೈಲ್ಸ್ ಸಮಕ್ಕೆ ಹೂತಿದ್ದರು. "ಕಾಲಿಗೆ ಎಡವಂಗಿಲ್ರೀ, ಫಿನಿಶಿಂಗ್ ಚಂದ ಕಾಣ್ತೈತಿ" ಅಂದಿದ್ದರು. ಚಂದ ಕಂಡಿದ್ದು ನಿಜ. ಆದರೆ ಎರಡೂ ತುದಿ ಸಿಮೆಂಟಿನಿಂದ ಮುಚ್ಚಿದ್ದರಿಂದ ಎರಚಲು ನೀರಿಗೆ ಹೊರಹೋಗುವ ದಾರಿ ಇರಲಿಲ್ಲ. ಬೇಸಿಗೆಯ ಧೂಳು, ಮೇಲೆ ಮಳೆನೀರು, ಅದರ ಜೊತೆಗೆ ಮನೆಯವರೇ ಹಚ್ಚಿದ ಗ್ರೀಸ್ ಸೇರಿ ರಾಡಿಯಾಯಿತು. ಅದರಲ್ಲಿ ಮುಳುಗಿದ ಚಕ್ರಗಳ ಪಿನ್ನು ತುಕ್ಕು ಹಿಡಿದು, ಚಕ್ರ ಉರುಳುವ ಬದಲು ಎಳೆದುಕೊಂಡು ಬರತೊಡಗಿತು.

ಅಲ್ಲಿಂದ ಮುಂದಿನದು ಒಂದಕ್ಕೊಂದು ಕೊಂಡಿ. ಹಿಡಿಕೆ ಹಿಡಿದು ಜಗ್ಗಿದಾಗ ಮೇಲ್ಭಾಗ ಬರುತ್ತದೆ, ಕೆಳಭಾಗ ಹಿಂದೆಯೇ ಉಳಿಯುತ್ತದೆ. ಆ ಭಾರ ಬೀಳುವುದು ಕತ್ತರಿಯಂತೆ ಅಡ್ಡಹಾಯ್ದ ಪಟ್ಟಿಗಳ ಮೇಲೆ. ಪಟ್ಟಿ ಬಾಗುತ್ತದೆ, ರಿವೆಟ್ಟಿನ ದುಂಡನೆಯ ತೂತು ಉದ್ದಾಗುತ್ತದೆ, ಕೊನೆಗೆ ಇಡೀ ಗೇಟ್ ಓರೆ ನಿಲ್ಲುತ್ತದೆ. ಈ ಮನೆಯಲ್ಲಿ ಕೀಲಿಯ ನಾಲಗೆಗೂ ಎದುರಿನ ತೂತಿಗೂ ಸುಮಾರು 10 ಮಿ.ಮೀ. ವ್ಯತ್ಯಾಸ ಬಂದಿತ್ತು. ಯಾರೋ ಅರ ಹಾಕಿ ತೂತನ್ನೇ ದೊಡ್ಡದು ಮಾಡಿಕೊಟ್ಟರು. ಕೀಲಿ ಬಿತ್ತು, ಆದರೆ ಹಾಕಿದ ಮೇಲೂ ಗೇಟ್ ಲಟಲಟ ಅಲುಗಾಡುತ್ತಿತ್ತು. ಸಣ್ಣ ರಾಡ್ ತೂರಿಸಿ ಮೀಟಲು ಅಷ್ಟು ಜಾಗ ಸಾಕು.

ಮಳೆ ಬೀಳುವ ಕಡೆ ಕೆಳಗೆ ಟಿ ಕಬ್ಬಿಣವನ್ನೇ ಕೇಳಿ, ಅಳತೆ 40x40x6 ಮಿ.ಮೀ. ಅದರ ನಿಂತ ಪಟ್ಟಿಯ ಎರಡೂ ಪಕ್ಕಕ್ಕೆ ಗೇಟಿನ ಉದ್ದ ನಿಲ್ಲುವ ಜೋಡಿ ಚಾನೆಲ್ ಬರುತ್ತದೆ. ನೀರು, ಮಣ್ಣು ನಿಲ್ಲುವ ತೊಟ್ಟಿಯೇ ಅಲ್ಲಿಲ್ಲ, ಪೊರಕೆಗೂ ಸಿಗುತ್ತದೆ. ಎಡವುತ್ತದೆ ಅನ್ನುವುದು ಸುಳ್ಳಲ್ಲ. ಸ್ಕೂಟರ್ ಒಳಗೆ ತರುವ ಮುಂಬಾಗಿಲಿಗೆ ಅದು ತೊಡಕೇ. ಅಲ್ಲಿ ಯು ಚಾನೆಲ್ ಬೇಕೇ ಬೇಕು ಅಂದರೆ ಇಳಿಜಾರಿನ ಕಡೆಯ ತುದಿ ತೆರೆದಿಡಿಸಿ, ನೀರು ತಾನಾಗಿ ಹೊರಗೆ ಹೋಗಲಿ. ಹಾಕಿದ ದಿನವೇ ಒಂದು ತಂಬಿಗೆ ನೀರು ಸುರಿದು ನೋಡಿ, ನಿಂತರೆ ಅವತ್ತೇ ಹೇಳಿ.

ಉದ್ದ ನಿಲ್ಲುವ ಚಾನೆಲ್‌ಗಳಲ್ಲೂ ಮೋಸ ಇದೆ. 20x10 ಮಿ.ಮೀ. ಅಳತೆ ಗಟ್ಟಿಯದಕ್ಕೂ ತೆಳುವಾದದ್ದಕ್ಕೂ ಒಂದೇ, ದಪ್ಪ ಬೇರೆ. 2 ಮಿ.ಮೀ. ದಪ್ಪದ 7 ಅಡಿ ತುಂಡು ಸುಮಾರು 1.2 ಕೆಜಿ ತೂಗುತ್ತದೆ, 1.2 ಮಿ.ಮೀ.ದಾದರೆ ಮುಕ್ಕಾಲು ಕೆಜಿ. ಚದರಡಿ ಲೆಕ್ಕದಲ್ಲಿ ದರ ಹೇಳಿದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಜೋಡಿಸುವ ಮುಂಚೆ ಒಂದು ತುಂಡನ್ನು ತಕ್ಕಡಿಗೆ ಹಾಕಿಸಿ. ಅಡ್ಡಪಟ್ಟಿ 20x5 ಇರಲಿ. ಪ್ರೈಮರ್ ಕೂಡ ಆಗಲೇ ಬಳಿಸಬೇಕು, ರಿವೆಟ್ ಬಿದ್ದ ಮೇಲೆ ಚಾನೆಲ್‌ನ ಒಳಮೈಗೆ ಕುಂಚ ಹೋಗುವುದಿಲ್ಲ.

ಇನ್ನು ಕೀಲಿ. ಬಾಗಿಲಿಗೆ ಹಾಕುವ ನೇರ ನಾಲಗೆಯ ಕೀಲಿ ಈ ಗೇಟಿಗೆ ಹೊಂದದು. ಗೇಟ್ ಸರಿಯುವುದೂ ನಾಲಗೆ ಹೊರಬರುವುದೂ ಒಂದೇ ದಿಕ್ಕಿಗೆ, ಜಗ್ಗಿದರೆ ನಾಲಗೆ ಜಾರಿ ಬರುತ್ತದೆ. ಕೊಕ್ಕೆ ನಾಲಗೆಯ ಕೀಲಿಯೇ ಬೇಕು, ಅದು ಎದುರಿನ ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ. ನೇತುಹಾಕುವ ಬೀಗವೇ ಸಾಕು ಅನ್ನುವವರು ಅದರ ಬಳೆ ಹೊರಗೆ ಕಾಣದಂತೆ ಸುತ್ತ ತಗಡಿನ ಪೆಟ್ಟಿಗೆ ವೆಲ್ಡ್ ಮಾಡಿಸಿ, ಕಟರ್‌ಗೆ ಬಾಯಿ ಹಾಕಲು ಜಾಗ ಸಿಗಬಾರದು. ಕೀಲಿಕೈ ಒಳಗಿನವರಿಗೆ ಕತ್ತಲಲ್ಲೂ ಸಿಗುವ ಮೊಳೆಗೆ ಇರಲಿ, ಹೊರಗಿಂದ ಕೈ ತೂರಿಸಿದರೆ ನಿಲುಕಬಾರದು. ಬೆಂಕಿ ಬಿದ್ದಾಗ ಈ ಗೇಟ್ ನಿಮ್ಮನ್ನೂ ತಡೆಯುತ್ತದೆ.

ಕೀಲಿ ಹಾಕಿದ ಮೇಲೆ ಎರಡೂ ಕೈಯಿಂದ ಗೇಟನ್ನು ಮೇಲಕ್ಕೆತ್ತಿ ನೋಡಿ. ಕೆಳಗಿನ ಚಕ್ರ ಪಟ್ಟಿ ಬಿಟ್ಟು ಹೊರಬಂದರೆ ಮೇಲೆ ಸಂದು ಜಾಸ್ತಿ ಇದೆ ಅಂತ ಅರ್ಥ. ಅಲ್ಲಿ ತಡೆಪಟ್ಟಿ ವೆಲ್ಡ್ ಮಾಡಿಸದೆ ಬಾಕಿ ಹಣ ಕೊಡಬೇಡಿ.

ಆಮೇಲಿನ ನಿಗಾ ದೊಡ್ಡದೇನಲ್ಲ. ಕೆಳಗಿನ ಪಟ್ಟಿಗೆ ಗ್ರೀಸ್ ಬೇಡವೇ ಬೇಡ, ಗದಗ-ಹುಬ್ಬಳ್ಳಿ ಕಡೆಯ ಎರೆಮಣ್ಣಿನ ಧೂಳು ಅದಕ್ಕೆ ಅಂಟಿ ಅರೆಯುವ ಪುಡಿಯಾಗುತ್ತದೆ. ಒಣ ಬ್ರಶ್ಶಿನಿಂದ ಉಜ್ಜಿದರಾಯಿತು. ರಿವೆಟ್ಟುಗಳಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ, ನಾಲ್ಕು ಸಲ ತೆರೆದು ಮುಚ್ಚಿ, ಸೋರಿದ್ದನ್ನು ಬಟ್ಟೆಯಿಂದ ಒರೆಸಿ. ಮೇ ಕೊನೆಗೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ.

ಧಾರವಾಡದ ಆ ಮನೆಯಲ್ಲಿ ಕೊನೆಗೆ ಟೈಲ್ಸ್ ಒಡೆದು ಯು ಚಾನೆಲ್ ಕಿತ್ತು ಟಿ ಕೂರಿಸಿದರು. ಬಾಗಿದ ಪಟ್ಟಿ, ಕೆಳಗಿನ ಚಕ್ರ ಎಲ್ಲ ಹೊಸದು. ಎರಡನೇ ಸಲ ತಂದಿದ್ದ ಕೀಲಿ ಮಾತ್ರ ಹಾಗೇ ಉಳಿಯಿತು, ಅದು ಕೊಕ್ಕೆಯದೇ ಇತ್ತು.