ಅಮ್ಮನ ತೆಳು ಕೂದಲಿಗೆ ಮದರಂಗಿಯೋ, ಸೆಮಿಯೋ, ಡೆಮಿಯೋ: ಮೂರನ್ನೂ ಹಚ್ಚಿ ನೋಡಿದ್ದು

ಅಮ್ಮನಿಗೆ ಈಗ 76. ನಾನು ಚಿಕ್ಕವಳಿದ್ದಾಗ ಅವಳ ಜಡೆ ಸೊಂಟ ದಾಟುತ್ತಿತ್ತು. ಈಗ ತುರುಬು ಕಟ್ಟಿದರೆ ನಿಂಬೆಹಣ್ಣಿನಷ್ಟು. ಸುಮಾರು ಇಪ್ಪತ್ತು ವರ್ಷದಿಂದ ಕಪ್ಪು ಡೈ ಹಚ್ಚುತ್ತಿದ್ದಳು. ಹೋದ ವರ್ಷ ಬಾಚಣಿಗೆಯಲ್ಲಿ ಉದ್ದ ಕೂದಲಿನ ಜೊತೆ ಅರ್ಧ ಇಂಚಿನ ತುಂಡುಗಳೂ ಬರತೊಡಗಿದವು. ಬುಡದಿಂದ ಉದುರಿದ ಕೂದಲಿಗೆ ತುದಿಯಲ್ಲಿ ಸಣ್ಣ ಬಿಳಿ ಗಂಟು ಇರುತ್ತದೆ. ಈ ತುಂಡುಗಳಿಗೆ ಅದು ಇರಲಿಲ್ಲ. ಅಂದರೆ ಕೂದಲು ಉದುರುತ್ತಿರಲಿಲ್ಲ, ನಡುವೆ ಮುರಿಯುತ್ತಿತ್ತು.

ಡೈ ಪೆಟ್ಟಿಗೆ ಮೇಲೆ ದೊಡ್ಡದಾಗಿ "ಅಮೋನಿಯಾ ಇಲ್ಲ" ಎಂದು ಬರೆದಿತ್ತು. ನಾವು ಅದನ್ನೇ ನಂಬಿದ್ದೆವು. ಒಳಗಿದ್ದ, ಬಣ್ಣದ ಜೊತೆ ಕಲಸುವ ಡೆವಲಪರ್ ಬಾಟಲಿ ತಿರುಗಿಸಿ ನೋಡಿದರೆ ಹೈಡ್ರೋಜನ್ ಪೆರಾಕ್ಸೈಡ್ 6%. ಅಮೋನಿಯಾ ಬದಲು ವಾಸನೆ ಕಡಿಮೆ ಇರುವ ಇನ್ನೊಂದು ಕ್ಷಾರ ಹಾಕಿರುತ್ತಾರೆ, ಅಷ್ಟೇ. ಕೂದಲಿನ ಹೊರಪದರ ಊದಿ ತೆರೆದುಕೊಳ್ಳುವುದು, ಒಳಗಿನ ಸಹಜ ಬಣ್ಣವನ್ನು ಪೆರಾಕ್ಸೈಡ್ ತೆಗೆಯುವುದು ಎರಡೂ ನಡೆಯುತ್ತವೆ. ಅಮ್ಮನ ತಲೆಯಲ್ಲಿ ತೆಗೆಯುವುದಕ್ಕೆ ಕಪ್ಪೇ ಉಳಿದಿಲ್ಲ, ಎಲ್ಲ ಬಿಳಿ. ಹಾಗಿದ್ದ ಮೇಲೆ ಅಷ್ಟು ಜೋರಿನದು ಯಾಕೆ ಬೇಕು ಅಲ್ವಾ?

ನೇರವಾಗಿ ಅವಳ ತಲೆ ಮೇಲೆ ಪ್ರಯೋಗ ಮಾಡುವ ಧೈರ್ಯ ಬರಲಿಲ್ಲ. ಎರಡು ವಾರ ಬಾಚಣಿಗೆಯಲ್ಲಿ ಬಂದ ಕೂದಲನ್ನು ಕೂಡಿಸಿಟ್ಟು, ಸುಮಾರು ಇಪ್ಪತ್ತು ಎಳೆಗಳಂತೆ ಹೊಲಿಗೆ ದಾರದಲ್ಲಿ ನಾಲ್ಕು ಕಟ್ಟು ಕಟ್ಟಿದೆ. ಒಂದಕ್ಕೆ ಹಳೆ ಡೈ, ಒಂದಕ್ಕೆ ಮದರಂಗಿ ಮತ್ತು ಇಂಡಿಗೊ, ಒಂದಕ್ಕೆ ಕೆಲವೇ ಸ್ನಾನಕ್ಕೆ ಹೋಗುವ ಸೆಮಿ ಪರ್ಮನೆಂಟ್ ಬಣ್ಣ, ಇನ್ನೊಂದಕ್ಕೆ ಅದಕ್ಕಿಂತ ಹೆಚ್ಚು ದಿನ ನಿಂತು ಮಾಸುವ ಡೆಮಿ ಪರ್ಮನೆಂಟ್ ಬಣ್ಣ. ತೊಳೆದ ಮೇಲೆ ಒದ್ದೆ ಇರುವಾಗಲೇ ಒಂದೊಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದೆ. ಗಟ್ಟಿ ಕೂದಲು ಸ್ವಲ್ಪ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಹಳೆ ಡೈ ಹಚ್ಚಿದ ಕಟ್ಟಿನಲ್ಲಿ ಹೆಚ್ಚಿನ ಎಳೆಗಳು ಹಿಗ್ಗಿದವು, ಆದರೆ ವಾಪಸ್ ಬರದೆ ತುಂಡಾದವು. ಆ ಪೆಟ್ಟಿಗೆಯನ್ನು ಅವತ್ತೇ ಎಸೆದೆ. ಉಳಿದ ಮೂರನ್ನು ಮೂರು ಮೂರು ತಿಂಗಳ ಅಂತರದಲ್ಲಿ ತಲೆಗೆ ಹಚ್ಚಿದೆವು.

ಮೊದಲು ಮದರಂಗಿ. ಮದರಂಗಿಯ ಬಣ್ಣ ಕೂದಲಿನ ಕೆರಾಟಿನ್‌ಗೇ ಅಂಟಿಕೊಳ್ಳುತ್ತದೆ. ಪೆರಾಕ್ಸೈಡ್ ಬೇಕಿಲ್ಲ. ಬಿಳಿ ಕೂದಲ ಮೇಲೆ ಬರುವುದು ಕಿತ್ತಳೆ, ಅದರ ಮೇಲೆ ಇಂಡಿಗೊ ಹಚ್ಚಿದರೆ ಕಂದು. ಇಂಡಿಗೊ ಪುಡಿಯನ್ನು ಹಚ್ಚುವ ಹದಿನೈದು ನಿಮಿಷ ಮುಂಚೆ ಮಾತ್ರ ಉಗುರುಬೆಚ್ಚಗಿನ ನೀರಲ್ಲಿ ಕಲಸಬೇಕು, ಇಟ್ಟರೆ ಸತ್ವ ಹೋಗುತ್ತದೆ. ತೊಳೆದಾಗ ಹಸಿರು ಛಾಯೆ ಕಂಡರೆ ಹೆದರಬೇಕಿಲ್ಲ, ಎರಡು ದಿನದಲ್ಲಿ ಗಾಳಿಗೆ ಗಾಢವಾಗುತ್ತದೆ. ಮೂರರಲ್ಲಿ ಕೂದಲಿಗೆ ಮೈ ಬಂದಂತೆ ಕಂಡದ್ದು ಇದರಲ್ಲೇ. ತುರುಬು ಸ್ವಲ್ಪ ದಪ್ಪ ಕಂಡಿತು, ಅಮ್ಮನಿಗೆ ತುಂಬ ಖುಷಿ.

ಆದರೆ ಹಚ್ಚಿ ತೆಗೆಯುವಷ್ಟರಲ್ಲಿ ಸಾಕಾಯಿತು. ಎರಡು ಸಲ ಸೇರಿ ಮೂರು ಗಂಟೆ ಒದ್ದೆ ಹಿಟ್ಟು ತಲೆ ಮೇಲೆ. "ಕುತ್ತಿಗೆ ಸೋತು ಹೋಯ್ತು ಕಣೇ, ಚಳಿ ಬೇರೆ ಆಗ್ತಿದೆ" ಎಂದಳು. ಪುಡಿಯ ಕಣಗಳು ಎಳೆಗಳ ನಡುವೆ ಸಿಕ್ಕಿಕೊಂಡಿದ್ದವು. ಅದನ್ನು ಬಿಡಿಸಲು ಉಜ್ಜಿದಾಗ ಬಚ್ಚಲ ಜಾಲರಿಯಲ್ಲಿ ಕೂದಲು ಮುದ್ದೆಯಾಗಿ ನಿಂತಿತ್ತು. ನೋಡಿ ಹೊಟ್ಟೆ ತೊಳಸಿತು. ಉಜ್ಜುವ ಬದಲು ಬಕೆಟ್ ನೀರಲ್ಲಿ ಕೂದಲು ಅದ್ದಿ, ಕಂಡಿಷನರ್ ಹಾಕಿ ಬಿಡಿಸಿಕೊಂಡರೆ ಸುಲಭ ಎಂದು ಆಮೇಲೆ ಗೊತ್ತಾಯಿತು. ಇನ್ನೊಂದು ತೊಂದರೆ, ಈ ಬಣ್ಣ ಹೋಗುವುದಿಲ್ಲ. ಮೂರು ವಾರಕ್ಕೆ ಬೈತಲೆಯಲ್ಲಿ ಬಿಳಿ ಗೆರೆ ಕತ್ತರಿಸಿದಂತೆ ಎದ್ದಿತು.

ಮದರಂಗಿ ಎಂದರೆ ಶುದ್ಧ ಎಲೆಪುಡಿ ಮಾತ್ರ. ಹತ್ತೇ ನಿಮಿಷಕ್ಕೆ ಕಪ್ಪು ಮಾಡುವ "ಕಪ್ಪು ಮೆಹಂದಿ"ಯಲ್ಲಿ ಕಪ್ಪು ತರುವುದು ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ. ನಮ್ಮ ದೊಡ್ಡಮ್ಮನಿಗೆ ಅಂಥದ್ದೇ ಒಂದನ್ನು ಹಚ್ಚಿದ ಮರುದಿನ ಹಣೆ ಊದಿ ಕಣ್ಣು ತೆರೆಯಲಾಗಲಿಲ್ಲ.

ಸೆಮಿ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಇದಕ್ಕೆ ಡೆವಲಪರ್ ಇಲ್ಲ, ಕಲಸುವುದೂ ಇಲ್ಲ. ಟ್ಯೂಬಿನಿಂದ ತೆಗೆದು ಹಚ್ಚಿ ಇಪ್ಪತ್ತು ನಿಮಿಷಕ್ಕೆ ತೊಳೆಯುವುದು. ಕೂದಲಿಗೆ ಇಷ್ಟು ಮೃದುವಾದದ್ದು ಬೇರೆ ಇಲ್ಲ, ಎಳೆದು ನೋಡಿದಾಗ ಏನೂ ಹಚ್ಚದ ಕೂದಲಿನಂತೆಯೇ ಇತ್ತು. ಆದರೆ ಬಣ್ಣ ಹೊರಗೇ ಕೂತಿರುತ್ತದೆ. ಅಡುಗೆಮನೆಯಲ್ಲಿ ಬೆವರಿದರೆ ಕಿವಿ ಹಿಂದೆ ಕಂದು ನೀರು, ದಿಂಬಿನ ಮೇಲೆ ಕಲೆ. ಐದಾರು ಸ್ನಾನಕ್ಕೆ ಬುಡದ ಬಿಳಿ ವಾಪಸ್. ಒಂದು ಮದುವೆ, ಒಂದು ಗೃಹಪ್ರವೇಶಕ್ಕೆ ಸಾಕು.

ಕೊನೆಗೆ ನಿಂತದ್ದು ಡೆಮಿಯಲ್ಲಿ. ಇದರ ಡೆವಲಪರ್ 1.9%, ಹಳೆಯದರ ಮೂರನೇ ಒಂದು ಪಾಲಿಗೂ ಕಡಿಮೆ. ಬಣ್ಣ ಸ್ವಲ್ಪ ಒಳಗೆ ಹೋಗಿ ಕೂರುತ್ತದೆ, ದಿನ ಕಳೆದಂತೆ ಮಾಸುತ್ತದೆ. ಹಾಗಾಗಿ ಬುಡದಲ್ಲಿ ಗೆರೆ ಎದ್ದು ಕಾಣುವುದಿಲ್ಲ. ನಾನು ತಂದದ್ದಕ್ಕೆ 1 ಪಾಲು ಬಣ್ಣಕ್ಕೆ 2 ಪಾಲು ಡೆವಲಪರ್. ಅಮ್ಮನ ಕೂದಲಿಗೆ 15 ಗ್ರಾಂ ಮತ್ತು 30 ಗ್ರಾಂ ಸಾಕಾಯಿತು, ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. ಪ್ಲಾಸ್ಟಿಕ್ ಬಟ್ಟಲಲ್ಲೇ ಕಲಸಬೇಕು, ಸ್ಟೀಲಿನಲ್ಲಿ ಬೇಡ. ಮಿಕ್ಕದ್ದನ್ನು ಮುಚ್ಚಿಡಬಾರದು, ಒಳಗೆ ಗಾಳಿ ತುಂಬಿ ಡಬ್ಬಿ ಸಿಡಿಯಬಹುದು.

ಮೊದಲ ಸಲ ಬಣ್ಣದ ಆಯ್ಕೆಯಲ್ಲಿ ಎಡವಿದೆ. ಹಳೆಯದಕ್ಕೆ ಹತ್ತಿರವಿರಲಿ ಎಂದು ಗಾಢ ಕಂದು, 3ನೇ ನಂಬರು ತಂದೆ. ಹಳೇ ಡೈ ತಿಂದು ಸವೆದ ಕೂದಲು ಬಣ್ಣ ಕುಡಿದು ಇನ್ನೂ ಕಪ್ಪಾಯಿತು. ಒಣಗಿಸಿ ಕನ್ನಡಿ ಹಿಡಿದರೆ ಬೈತಲೆ ಅಗಲವಾಗಿ ಕಾಣುತ್ತಿತ್ತು, ನೆತ್ತಿ ಬೋಳಾದಂತೆ. ಒಂದೂ ಕೂದಲು ಹೋಗಿರಲಿಲ್ಲ. ಕಪ್ಪು ಕೂದಲಿನ ನಡುವೆ ಬಿಳಿಚಿದ ಚರ್ಮ ಎದ್ದು ಕಂಡಿತ್ತು. ಇಪ್ಪತ್ತು ವರ್ಷ ಅಮ್ಮ ಕಪ್ಪು ಹಚ್ಚಿ ತನ್ನ ಕೂದಲನ್ನು ಇನ್ನಷ್ಟು ತೆಳ್ಳಗೆ ಕಾಣಿಸುತ್ತಿದ್ದಳು ಎಂದು ಅವತ್ತೇ ಹೊಳೆದದ್ದು. ಅದು ಮಾಸಿದ ಮೇಲೆ ಅದಕ್ಕಿಂತ ತಿಳಿಯಾದ 6ನೇ ನಂಬರು ಹಚ್ಚಿದೆ. ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣ ಬಂತು. ನೆತ್ತಿ ಅದರಲ್ಲಿ ಬೆರೆತುಹೋಯಿತು. ಪಕ್ಕದ ಮನೆಯವರು "ಕೂದಲು ಒತ್ತಾಗಿದೆಯಲ್ಲ" ಎಂದರು.

ಹಚ್ಚುವ ಹಿಂದಿನ ದಿನ ತಲೆ ತೊಳೆಯುವುದಿಲ್ಲ, ನೆತ್ತಿಯ ಜಿಡ್ಡು ಚರ್ಮಕ್ಕೆ ಕಾವಲು. ಹಣೆ, ಕಿವಿ ಅಂಚಿಗೆ ವ್ಯಾಸಲಿನ್. ಕಿವಿ ಮುಂದಿನ ಬಿರುಸು ಬಿಳಿ ಕೂದಲಿಗೆ ಮೊದಲು ಹಚ್ಚುತ್ತೇನೆ, ಅದಕ್ಕೆ ಹತ್ತು ನಿಮಿಷ ಜಾಸ್ತಿ ಬೇಕು. ಅಗಲ ಬ್ರಷ್ಷನ್ನು ಮಲಗಿಸಿ ಸವರುವುದು, ಚುಚ್ಚುವುದಿಲ್ಲ. ಒಟ್ಟು ಇಪ್ಪತ್ತು ನಿಮಿಷ. ಎರಡನೇ ಸಲದಿಂದ ಬುಡಕ್ಕೆ ಮಾತ್ರ, ತುದಿಗೆ ಕೊನೆಯ ಮೂರು ನಿಮಿಷ.

ಇದಕ್ಕೂ ಮಿತಿ ಇದೆ. ಬಿಳಿ ಪೂರ್ತಿ ಮುಚ್ಚುವುದಿಲ್ಲ, ಬಿಸಿಲಲ್ಲಿ ಅಲ್ಲಲ್ಲಿ ಹೊಳೆಯುತ್ತದೆ. ಐದಾರು ವಾರಕ್ಕೊಮ್ಮೆ ಹಚ್ಚಲೇಬೇಕು. ಜೋರು ಕಡಿಮೆ ಎಂದರೆ ಅಲರ್ಜಿ ಆಗದು ಎಂದಲ್ಲ. ಹೆಚ್ಚಿನ ಡೆಮಿ ಬಣ್ಣಗಳಲ್ಲೂ ಪಿಪಿಡಿ ಅಥವಾ ಅದರ ಬಳಗದ್ದೇ ಇರುತ್ತದೆ. ಅದಕ್ಕೇ ಪ್ರತಿ ಸಲವೂ ಎರಡು ದಿನ ಮುಂಚೆ ಪೆಟ್ಟಿಗೆಯಲ್ಲಿ ಹೇಳಿದಂತೆ ಒಂದು ಚುಕ್ಕಿ ಕಿವಿ ಹಿಂದೆ ಹಚ್ಚಿ 48 ಗಂಟೆ ಕಾಯುತ್ತೇವೆ. "ಹೋದ ಸಲ ಏನೂ ಆಗಲಿಲ್ವಲ್ಲೇ" ಎನ್ನುತ್ತಾಳೆ ಅಮ್ಮ. ದೊಡ್ಡಮ್ಮನಿಗೂ ಅದರ ಹಿಂದಿನ ಸಲ ಏನೂ ಆಗಿರಲಿಲ್ಲ.