ಜೀನ್ಸ್ ಕಟೌಟಿಗೆ ಯಾವ ಹಿನ್ನೆಲೆ: ಬಿಳಿ, ಹಸಿರು, ಬೂದು?

ಬಳ್ಳಾರಿ ಜೀನ್ಸ್‌ನ ಚಿತ್ರವನ್ನು ಎಐನಲ್ಲಿ ಮಾಡಿಸಿ, ಪ್ಯಾಂಟನ್ನಷ್ಟೇ ಹಿನ್ನೆಲೆಯಿಂದ ಕತ್ತರಿಸಿ ತೆಗೆಯುವಾಗ ತೊಡಕಾಗುವುದು ಹರಿದ ಮೊಣಕಾಲಿನ ಬಿಳಿ ನೂಲು. ಬಿಳಿ ಹಿನ್ನೆಲೆ ಕೊಟ್ಟರೆ ನೂಲು ಅದರಲ್ಲೇ ಕರಗಿ, ಕತ್ತರಿಸುವಾಗ ಹಿನ್ನೆಲೆಯ ಜೊತೆಗೇ ಹೋಗುತ್ತದೆ. ಆದರೆ ಹರಿದಿಲ್ಲದ ಕಡುನೀಲಿ ಪ್ಯಾಂಟು ಬಿಳಿ ಪುಟಕ್ಕೇ ಹೋಗುವುದಾದರೆ ಬಿಳಿಯೇ ಸಲೀಸು, ಅಂಚಿನಲ್ಲಿ ಉಳಿದ ಬಿಳಿ ಕಾಣುವುದಿಲ್ಲ.

ಹಸಿರು ಹಿನ್ನೆಲೆಯಲ್ಲಿ ಕತ್ತರಿಸಬೇಕಾದ ಭಾಗದ ಆಯ್ಕೆ ಬೇಗ ಆಗುತ್ತದೆ. ಆದರೆ ಹಸಿರು ಛಾಯೆ ನೂಲಿಗೆ ಅಂಟುತ್ತದೆ, ಅಂಚಿನ ಬಣ್ಣ ತಿದ್ದುವ ಕೆಲಸ ಬೀಳುತ್ತದೆ.

ನೂಲಿರುವ ಪ್ಯಾಂಟು ಗಾಢ ಬಣ್ಣದ ಪೋಸ್ಟರಿಗೆ ಹೋಗುವುದಾದರೆ ಮಧ್ಯಮ ಬೂದೇ ಒಳ್ಳೆಯದು: ನೀಲಿಯೂ ಬಿಳಿಯೂ ಬೇರೆಯಾಗಿ ನಿಲ್ಲುತ್ತವೆ. ಜೀನ್ಸ್‌ನ ಬಣ್ಣವೇ ಬೂದಾಗಿದ್ದರೆ ಮಾತ್ರ ಈ ಹಿನ್ನೆಲೆ ಬೇಡ. ಪ್ರಾಂಪ್ಟಿನಲ್ಲಿ ಹೀಗೆ ಸೇರಿಸಿ:

```
flat mid-gray background, even lighting, no shadow
```

ಕತ್ತರಿಸಿದ ಮೇಲೆ ಕೆಳಗೊಂದು ಕಪ್ಪು ಲೇಯರ್ ಇಟ್ಟು 200% ಹಿಗ್ಗಿಸಿ ನೋಡಿ. ಅಂಚಿನ ಸುತ್ತ ತೆಳು ಗೆರೆ ಹೊಳೆದರೆ ಆಯ್ಕೆಯ ಅಂಚನ್ನು ಒಂದು ಪಿಕ್ಸೆಲ್ ಒಳಕ್ಕೆ ಸರಿಸಿ, ನೂಲಿನ ಜಾಗ ಬಿಟ್ಟು.