ಕಡಲಿಗೆ ಬೆನ್ನು ಹಾಕಿದ ಸೆಲ್ಫಿ: ನನ್ನ ಸ್ಯಾಮ್‌ಸಂಗ್, ಯಜಮಾನರ ಐಫೋನ್

ಹೊಸ ಫೋನು ತಗೊಳ್ಳುವಾಗ ಬೇರೆ ಏನನ್ನೂ ಹೆಚ್ಚು ವಿಚಾರಿಸದೆ, ಗ್ಯಾಲರಿಯೊಳಗೇ ಫೋಟೋ ತಿದ್ದಲು ಏನೇನು ಉಂಟು ಅಂತ ಅಂಗಡಿಯಲ್ಲೇ ತೆಗೆದು ನೋಡಿದೆ. ಬೇರೆ ಆ್ಯಪ್ ಹಾಕಿಕೊಳ್ಳುವುದು, ಅದರ ಜಾಹೀರಾತು ಮುಚ್ಚುತ್ತಾ ಕೂರುವುದು ನನಗೆ ಬೇಡ. ಅದಕ್ಕೇ ಸ್ಯಾಮ್‌ಸಂಗ್ ತಗೊಂಡೆ, ಇವತ್ತಿಗೂ ಸಮಾಧಾನ ಉಂಟು. ನಮ್ಮ ಯಜಮಾನರ ಕೈಯಲ್ಲಿರುವುದು ಮಗ ಬಳಸಿ ಕೊಟ್ಟ ಐಫೋನ್ 12. ಮಲ್ಪೆಯಲ್ಲಿ ಸಂಜೆ ಒಂದೇ ಜಾಗದಲ್ಲಿ ನಿಂತು ಇಬ್ಬರೂ ಸೆಲ್ಫಿ ತೆಗೆದು, ಮನೆಗೆ ಬಂದು ತಿದ್ದಿ ನೋಡಿದೆವು.

ಮಲ್ಪೆಯಲ್ಲಿ ಸಂಜೆಯ ಸೂರ್ಯ ಕಡಲ ಕಡೆಗೇ ಇರುವುದು. ಕಡಲು ಕಾಣಬೇಕು ಅಂತ ಅದಕ್ಕೆ ಬೆನ್ನು ಹಾಕಿದರೆ ಮುಖ ಕಪ್ಪಾಗುತ್ತದೆ. ಇಂಥ ಫೋಟೋದಲ್ಲಿ ಎಲ್ಲರ ಬೆರಳೂ ಮೊದಲು ಹೋಗುವುದು Brightness ಮೇಲೆ. ಅದು ಮುಖವನ್ನಷ್ಟೇ ಅಲ್ಲ, ಇಡೀ ಫೋಟೋವನ್ನು ಎತ್ತುತ್ತದೆ. ಆಕಾಶ ಬಿಳಿ ಕಾಗದದಂತಾಗಿ, ನಮ್ಮ ನರೆಗೂದಲು ಅದರಲ್ಲೇ ಕರಗಿಹೋಗುತ್ತದೆ. ಮೊದಲು ಮುಟ್ಟಬೇಕಾದದ್ದು Shadows. ಅದು ಕತ್ತಲಿರುವ ಭಾಗಕ್ಕೆ ಮಾತ್ರ ಬೆಳಕು ಕೊಡುತ್ತದೆ.

ನನ್ನ ಫೋನಿನಲ್ಲಿ ಫೋಟೋ ತೆರೆದು, ಪೆನ್ಸಿಲ್ ಗುರುತು ಒತ್ತಿ, ಸೂರ್ಯನಂಥ ಗುರುತಿಗೆ ಹೋಗಿ Shadows ಅನ್ನು 40ರ ಹತ್ತಿರ ಇಟ್ಟೆ. Highlights ಅನ್ನು ಮೈನಸ್ 30ಕ್ಕೆ ಇಳಿಸಿದಾಗ ಆಕಾಶದ ಬಣ್ಣ ಮರಳಿತು. Brightness ಕೊನೆಯಲ್ಲಿ, 10ರಷ್ಟು ಸಾಕಾಯಿತು. Shadows ಹೆಚ್ಚಾದರೆ ಕೆನ್ನೆ, ಕತ್ತಿನ ಮೇಲೆ ರವೆ ಚೆಲ್ಲಿದಂತೆ ಕಾಳು ಕಾಳು ಕಾಣುತ್ತದೆ, ಕಪ್ಪು ಕೂದಲು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದು ಕಂಡ ಕೂಡಲೇ ಹಿಂದೆ ಬರಬೇಕು. ಬೆರಳನ್ನು ಫೋಟೋದ ಮೇಲೆ ಒತ್ತಿ ಹಿಡಿದರೆ ಮೊದಲಿನದು ಕಾಣುತ್ತದೆ, ಹೋಲಿಸಿ ನೋಡಬಹುದು.

ಬೆಳಕಿನ ಮಟ್ಟಿಗೆ ಐಫೋನೇ ಒಂದು ಕೈ ಮೇಲು. ಅದರಲ್ಲಿ Brilliance ಅಂತ ಒಂದುಂಟು. ಕತ್ತಲನ್ನು ಎತ್ತುವುದು, ಅತಿ ಬೆಳಕನ್ನು ತಗ್ಗಿಸುವುದು ಎರಡನ್ನೂ ಅದೊಂದೇ ಮಾಡುತ್ತದೆ. ಯಜಮಾನರ ಕೆಲಸ ನನಗಿಂತ ಬೇಗ ಮುಗಿಯಿತು.

ಎರಡಕ್ಕೂ ಅನ್ವಯಿಸುವ ಮಾತೊಂದು: ತಿದ್ದುವಾಗ ಫೋನಿನ ಪರದೆಯ ಬೆಳಕು ಅರ್ಧದಷ್ಟಿರಲಿ. ಬಿಸಿಲಲ್ಲಿ ನಿಂತು ತಿದ್ದಿದರೆ ಅಳತೆ ಸಿಗುವುದಿಲ್ಲ.

ಇನ್ನು ಕಲೆ. ನನಗೆ ಸೊಳ್ಳೆ ಕಚ್ಚಿ ಕೆನ್ನೆಯಲ್ಲೊಂದು, ಹುಬ್ಬಿನ ಮೇಲೊಂದು ಕೆಂಪು ಗುರುತು ಇತ್ತು. ನನ್ನ ಫೋನಿನಲ್ಲಿ ಅದೇ ಎಡಿಟ್ ಪುಟದ ಮೂಲೆಯ ಚುಕ್ಕೆಗಳನ್ನು ಒತ್ತಿದರೆ Spot fixer ಸಿಗುತ್ತದೆ. ಎಲ್ಲ ಮಾಡೆಲುಗಳಲ್ಲೂ ಅದು ಒಂದೇ ಕಡೆ ಇರುವುದಿಲ್ಲ, ಕೊಳ್ಳುವ ಮೊದಲು ಅಂಗಡಿಯವರ ಹತ್ತಿರ ತೆಗೆಸಿ ನೋಡಿ. ಕೆನ್ನೆಯ ಗುರುತು ಒಂದು ಸಲ ಮುಟ್ಟಿದ್ದಕ್ಕೇ ಹೋಯಿತು.

ತಲೆಬಿಸಿ ಶುರುವಾಗುವುದು ಹುಬ್ಬು, ಕನ್ನಡಕ, ಬೊಟ್ಟು ಇರುವಲ್ಲಿ. ಈ ಬಗೆಯ ಸಾಧನಗಳೆಲ್ಲ ಪಕ್ಕದ ಚರ್ಮವನ್ನು ನೋಡಿಕೊಂಡು ಕಲೆಯ ಜಾಗ ತುಂಬುತ್ತವೆ. ಪಕ್ಕದಲ್ಲಿ ಕನ್ನಡಕದ ಫ್ರೇಮು ಇದ್ದರೆ ಅದರ ತುಣುಕನ್ನೇ ಹಣೆಗೆ ಎಳೆದು ತರುತ್ತವೆ. ಕುಂಕುಮದ ಬೊಟ್ಟಿಗೆ ಬೆರಳು ತಾಗಿದರಂತೂ ಅದೂ ಕಲೆಯೇ ಅಂದುಕೊಂಡು ಅಳಿಸಿಬಿಡುತ್ತವೆ. ವಯಸ್ಸಾದ ಬೆರಳಿಗೆ ಸಾಸಿವೆಯಷ್ಟು ಗುರುತನ್ನು ಸರಿಯಾಗಿ ಮುಟ್ಟುವುದು ಕಷ್ಟ, ಬೆರಳೇ ಅದನ್ನು ಮುಚ್ಚಿಬಿಡುತ್ತದೆ.

ಅದಕ್ಕೆ ಎರಡು ಬೆರಳಲ್ಲಿ ಹಿಗ್ಗಿಸಿ, ಪರದೆ ತುಂಬ ಹಣೆ ಮಾತ್ರ ಕಾಣುವಂತೆ ಮಾಡಿಕೊಳ್ಳಬೇಕು. ಗುರುತಿನ ನಡುವೆ ಒಮ್ಮೆ ಮಾತ್ರ ತಟ್ಟಿ, ಬೆರಳು ಎತ್ತಿ ನೋಡಬೇಕು. ಕೆಟ್ಟರೆ ಹಿಂದಕ್ಕೆ ತಿರುಗಿದ ಬಾಣದ ಗುರುತು ಒತ್ತಿ. ಕೆಟ್ಟ ಜಾಗದ ಮೇಲೇ ಮತ್ತೆ ಮತ್ತೆ ತಟ್ಟಬಾರದು, ಚರ್ಮ ಮೇಣ ಹಚ್ಚಿದಂತೆ ನಯವಾಗಿ ಎದ್ದು ಕಾಣುತ್ತದೆ. ಹುಬ್ಬಿನ ಮೇಲಿನ ಗುರುತು ನನಗೆ ಹೀಗೆಯೇ ಹೋಯಿತು, ಬೊಟ್ಟೂ ಉಳಿಯಿತು. ಸುಕ್ಕು, ಮಚ್ಚೆಗಳನ್ನು ನಾನು ಮುಟ್ಟುವುದಿಲ್ಲ. ಅವು ಇದ್ದರೇ ಅದು ನನ್ನ ಮುಖ.

ಐಫೋನ್ 12ರಲ್ಲಿ ಕಲೆ ತೆಗೆಯುವ ಸಾಧನವೇ ಇಲ್ಲ. Clean Up ಅನ್ನುವುದು ಬಂದದ್ದು 15 ಪ್ರೊ ಮತ್ತು 16ರ ಸಾಲಿನಿಂದ ಈಚೆಗಿನ ಫೋನುಗಳಿಗೆ. ಅದಕ್ಕಾಗಿ ಅಷ್ಟು ದುಡ್ಡು ಸುರಿಯುವುದು ಪಿಂಚಣಿಯವರಿಗೆ ಹೇಳಿದ ಮಾತಲ್ಲ.

ಕನ್ನಡಕದ ಗಾಜಿನ ಮೇಲಿನ ಹೊಳಪು ಎರಡರಲ್ಲೂ ಹೋಗಲಿಲ್ಲ. ಮುಖವನ್ನು ಸ್ವಲ್ಪ ತಗ್ಗಿಸಿ ಇನ್ನೊಂದು ಫೋಟೋ ತೆಗೆಯುವುದೇ ಸುಲಭ.

ಉಳಿಸುವಾಗ ನಾನು ಚುಕ್ಕೆಗಳೊಳಗಿನ Save as copy ಒತ್ತುತ್ತೇನೆ, ಮೂಲ ಫೋಟೋ ಹಾಗೇ ಇರುತ್ತದೆ. ಐಫೋನಿನಲ್ಲಿ ಉಳಿಸಿದ ಮೇಲೂ Revert ಉಂಟು.

ಬರೀ ಬೆಳಕು ಸರಿಮಾಡಿದರೆ ಸಾಕು ಅನ್ನುವವರು ಮಕ್ಕಳು ಕೊಟ್ಟ ಐಫೋನನ್ನೇ ಇಟ್ಟುಕೊಳ್ಳಿ, ನಮ್ಮ ಯಜಮಾನರು ಅದರಲ್ಲೇ ಖುಷಿಯಾಗಿದ್ದಾರೆ. ಸ್ವಂತ ದುಡ್ಡು ಕೊಟ್ಟು ಕೊಳ್ಳುವುದಾದರೆ, ಫ್ಯಾಮಿಲಿ ಗ್ರೂಪಿಗೆ ಹಾಕುವ ಮುಂಚೆ ಒಂದೆರಡು ಗುರುತು ಒರೆಸುವ ಅಭ್ಯಾಸ ಇರುವ ನನ್ನಂಥವರಿಗೆ ಸ್ಯಾಮ್‌ಸಂಗೇ ಸರಿ.